ಮೊಬೈಲ್ ಧ್ವನಿಮುದ್ರಣದ ಗದ್ದಲ: ತೆಗೆಯಬಹುದಾದದ್ದೆಷ್ಟು, ಉಳಿಯುವುದೆಷ್ಟು?

ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ದುಡಿದು ನಿವೃತ್ತರಾಗಿದ್ದ ಹಿರಿಯರೊಬ್ಬರನ್ನು ಈ ವರದಿಗಾರ ಕೆಲವು ವರ್ಷಗಳ ಹಿಂದೆ ಅವರ ಮನೆಯ ಜಗುಲಿಯಲ್ಲಿ ಮಾತನಾಡಿಸಿದ್ದ. ಮನೆ ಪಿ.ಬಿ. ರಸ್ತೆಗೆ ತೀರಾ ಸಮೀಪದಲ್ಲಿತ್ತು. ಪ್ರತ್ಯೇಕ ಮೈಕ್ ಇರಲಿಲ್ಲ. 14 ನಿಮಿಷಗಳ ಮಾತುಕತೆ ಮೊಬೈಲ್ ವಿಡಿಯೊದಲ್ಲಿ ದಾಖಲಾಯಿತು. ಆ ಹಿರಿಯರು ಈಗಿಲ್ಲ. ಅವರ ದನಿ ಉಳಿದಿರುವುದು ಇದೊಂದರಲ್ಲಿ ಮಾತ್ರ ಎಂದು ಮನೆಯವರು ಪ್ರತಿ ಕೇಳಿದಾಗ, ಅದನ್ನು ಇದ್ದ ಹಾಗೆಯೇ ಕೊಡಲು ಮನಸ್ಸಾಗಲಿಲ್ಲ. ಮಾತಿನ ಹಿಂದೆ ಎಡೆಬಿಡದ 'ಸುಯ್' ಸದ್ದು, ಅದರ ಕೆಳಗೆ ವಾಹನಗಳ ಮೊರೆತ, ನಡುನಡುವೆ ಹಾರನ್. ಈ ಮೂರೂ ಕಿವಿಗೆ ಒಂದೇ ಗದ್ದಲವೆನಿಸಿದರೂ ಗುಣದಲ್ಲಿ ಬೇರೆ ಬೇರೆ. ಮೊದಲನೆಯದನ್ನು ಬಹುಮಟ್ಟಿಗೆ ತಗ್ಗಿಸಬಹುದು, ಎರಡನೆಯದನ್ನು ಅರ್ಧದಷ್ಟು, ಮೂರನೆಯದು ಮಾತಿನ ಮೇಲೆಯೇ ಬಿದ್ದಿದ್ದರೆ ಮಾಡಬಹುದಾದದ್ದು ಬಹಳ ಕಡಿಮೆ.

ಈ ಕೆಲಸಕ್ಕೆ ಉಚಿತವಾಗಿ ದೊರೆಯುವ Audacity ತಂತ್ರಾಂಶ ಸಾಕು. ಮೊದಲು ಮೂಲ ಕಡತದ ಪ್ರತಿಯೊಂದನ್ನು ಬೇರೆಡೆ ಇರಿಸಿಕೊಳ್ಳಬೇಕು. ಬಳಿಕ ವಿಡಿಯೊದಿಂದ ಧ್ವನಿಯನ್ನು WAV ರೂಪದಲ್ಲಿ ಹೊರತೆಗೆಯಬೇಕು. ಇದಕ್ಕೆ ffmpeg ಎಂಬ ಇನ್ನೊಂದು ಉಚಿತ ತಂತ್ರಾಂಶದ ಒಂದು ಸಾಲು ನೆರವಾಗುತ್ತದೆ:

```
ffmpeg -i ajja.mp4 -vn -ar 48000 ajja.wav
```

ಮೊದಲು ಮೊರೆತ, ಅನಂತರ 'ಸುಯ್'

ಬಸ್ಸು, ಲಾರಿಗಳ ಎಂಜಿನ್ ಮೊರೆತದ ಹೆಚ್ಚಿನ ಬಲ ಇರುವುದು ತಗ್ಗು ಸ್ವರದಲ್ಲಿ. ಗಂಡಸರ ಮಾತಿನ ಮೂಲಸ್ವರ ಸುಮಾರು 100 ಹರ್ಟ್ಜ್‌ನ ಆಸುಪಾಸಿನಲ್ಲೂ ಹೆಂಗಸರದು 200ರ ಸುತ್ತಮುತ್ತಲೂ ಆರಂಭವಾಗುತ್ತದೆ. ಅದಕ್ಕಿಂತ ಕೆಳಗಿರುವುದು ಮಾತಿಗೆ ಬೇಕಾದದ್ದಲ್ಲ. High-Pass Filter ಆರಿಸಿ, Frequency ಎಂಬಲ್ಲಿ 100, Roll-off ಎಂಬಲ್ಲಿ 24 dB ಇಟ್ಟರೆ ಆ ಕೆಳಭಾಗ ಇಳಿದುಹೋಗುತ್ತದೆ. ನಮ್ಮ ಧ್ವನಿಮುದ್ರಣದಲ್ಲಿ ಜಗುಲಿ ನಡುಗುತ್ತಿದೆಯೇನೋ ಎನಿಸುತ್ತಿದ್ದ ಗುಡುಗು ಇಷ್ಟರಿಂದಲೇ ಕಡಿಮೆಯಾಯಿತು. ಆದರೆ ಟೈರುಗಳ ಉಜ್ಜಾಟ ಮತ್ತು ಆಟೊಗಳ ಪಟಪಟ ಸದ್ದು ಮೇಲಿನ ಸ್ವರಗಳಲ್ಲಿಯೂ ಹರಡಿರುವುದರಿಂದ ಹಾಗೆಯೇ ಉಳಿದವು. ಅವನ್ನೂ ಹಿಡಿಯುವ ಆಸೆಯಿಂದ ಮಿತಿಯನ್ನು 300ಕ್ಕೆ ಏರಿಸಿದರೆ ಅಜ್ಜನ ದನಿ ಹಳೆಯ ಸ್ಥಿರ ದೂರವಾಣಿಯಲ್ಲಿ ಕೇಳಿದಂತಾಗುತ್ತದೆ.

'ಸುಯ್' ಸದ್ದನ್ನು ತೆಗೆಯುವುದು Noise Reduction. ಇದರ ತತ್ವ ಸರಳ. ಯಾರೂ ಮಾತನಾಡದ ಒಂದು ತುಣುಕನ್ನು ತಂತ್ರಾಂಶಕ್ಕೆ ತೋರಿಸಿದರೆ, ಗದ್ದಲದಲ್ಲಿ ಯಾವ ಸ್ವರ ಎಷ್ಟು ಬಲವಾಗಿದೆ ಎಂಬುದನ್ನು ಅದು ಗುರುತಿಟ್ಟುಕೊಳ್ಳುತ್ತದೆ. ಬಳಿಕ ಇಡೀ ಧ್ವನಿಯಲ್ಲಿ ಆ ಮಟ್ಟವನ್ನು ಮೀರದ ಸ್ವರಗಳನ್ನು ತಗ್ಗಿಸುತ್ತದೆ. ಹೀಗಾಗಿ ಗದ್ದಲ ಆರಂಭದಿಂದ ಕೊನೆಯವರೆಗೆ ಒಂದೇ ಸಮನಾಗಿದ್ದರೆ ಮಾತ್ರ ಫಲ ಚೆನ್ನಾಗಿರುತ್ತದೆ.

ಈ ಮಾದರಿ ತುಣುಕಿನ ಆಯ್ಕೆಯಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಬಸ್ಸು ಹಾದುಹೋಗುವ ಭಾಗವನ್ನು ಮಾದರಿಯಾಗಿ ಕೊಟ್ಟರೆ ಬಸ್ಸಿನೊಂದಿಗೆ ಮಾತೂ ಸವೆಯುತ್ತದೆ, ಏಕೆಂದರೆ ಎರಡೂ ಅದೇ ಸ್ವರಗಳಲ್ಲಿವೆ. ಮೊಬೈಲಿನ ಇನ್ನೊಂದು ಸ್ವಭಾವವನ್ನೂ ಗಮನಿಸಬೇಕು. ಮಾತು ನಿಂತೊಡನೆ ಹಲವು ಮೊಬೈಲ್‌ಗಳು ಮೈಕ್‌ನ ಸೂಕ್ಷ್ಮತೆಯನ್ನು ತಾವಾಗಿಯೇ ಏರಿಸುತ್ತವೆ, ಮಾತು ಆರಂಭವಾದಾಗ ಇಳಿಸುತ್ತವೆ. ದೀರ್ಘ ಮೌನದಲ್ಲಿ 'ಸುಯ್' ಸದ್ದು ಉಬ್ಬಿ ಬರುವುದು ಇದರಿಂದಲೇ. ಆದ್ದರಿಂದ ಮೊದಲ ಪ್ರಶ್ನೆಗೆ ಮುಂಚಿನ ಮೌನಕ್ಕಿಂತ ಎರಡು ವಾಕ್ಯಗಳ ನಡುವೆ ಉಸಿರಾಟವೂ ಇಲ್ಲದ ಅರ್ಧ ಸೆಕೆಂಡು ಉತ್ತಮ ಮಾದರಿ. ನಮಗೆ ಅಂತಹದ್ದು ಮೂರನೆಯ ನಿಮಿಷದಲ್ಲಿ ಸಿಕ್ಕಿತು.

ತುಣುಕನ್ನು ಆಯ್ದು Get Noise Profile ಒತ್ತಿ, ಅನಂತರ ಇಡೀ ಧ್ವನಿಯನ್ನು ಆಯ್ದು ಅದೇ ಕಿಟಕಿಗೆ ಮರಳಬೇಕು. Noise reduction ಎಂಬಲ್ಲಿ 6 dBಯಿಂದ ಆರಂಭಿಸುವುದು ಕ್ಷೇಮ. ನಾವು ನಿಂತದ್ದು 9ರಲ್ಲಿ. ಆತುರದಲ್ಲಿ 24ಕ್ಕೆ ಏರಿಸಿ ನೋಡಿದಾಗ ಹಿನ್ನೆಲೆ ಸಂಪೂರ್ಣ ನಿಶ್ಶಬ್ದವಾಯಿತಾದರೂ ಅಜ್ಜ ನೀರಿನೊಳಗಿನಿಂದ ಮಾತನಾಡುತ್ತಿದ್ದಂತಿತ್ತು, ಪದಗಳ ತುದಿಯಲ್ಲಿ ಸಣ್ಣ ಗೆಜ್ಜೆ ಉದುರಿದಂತಹ ಸದ್ದು ಅಂಟಿಕೊಂಡಿತ್ತು.

ಅತಿಯಾಯಿತೇ ಎಂದು ತಿಳಿಯಲು ಅದೇ ಕಿಟಕಿಯಲ್ಲಿ Residue ಎಂಬ ಆಯ್ಕೆಯಿದೆ. ತೆಗೆದುಹಾಕಲಾಗುವುದೇನೋ ಅದನ್ನಷ್ಟೇ ಇದು ಕೇಳಿಸುತ್ತದೆ. ಅಲ್ಲಿ ಬರಿಯ 'ಸುಯ್' ಕೇಳಿಸಿದರೆ ಸರಿ. ಮಾತಿನ ನೆರಳು ಕೇಳಿಸಿದರೆ ಕೈ ಹಿಂತೆಗೆಯಬೇಕು. ಕನ್ನಡದಲ್ಲಿ ಮೊದಲು ಪೆಟ್ಟು ತಿನ್ನುವುದು ಸ, ಶ, ಚ ಮುಂತಾದವು. ಈ ವ್ಯಂಜನಗಳು ಸ್ವತಃ 'ಸುಯ್' ಸದ್ದಿನ ಜಾತಿಯವೇ ಆದ್ದರಿಂದ ತಂತ್ರಾಂಶ ಅವನ್ನು ಗದ್ದಲವೆಂದೇ ಬಗೆಯುತ್ತದೆ. 24ರಲ್ಲಿ 'ಶಾಲೆ', 'ಸಾಲೆ' ಎರಡೂ ಒಂದೇ ಆಗಿದ್ದವು. ಕೆಲಸ ಮುಗಿದ ಮೇಲೆ ಆಯ್ಕೆಯನ್ನು Residueನಿಂದ ಹಿಂದಿನ ಸ್ಥಿತಿಗೆ ಮರಳಿಸುವುದನ್ನು ಮರೆಯಬಾರದು. ಈ ವರದಿಗಾರ ಒಮ್ಮೆ ಮರೆತು, ಉಳಿಸಬೇಕಾದುದನ್ನು ಬಿಟ್ಟು ಎಸೆಯಬೇಕಾದುದನ್ನೇ ಉಳಿಸಿದ್ದುಂಟು.

ಹಾರನ್ ಎದುರು ನಿರುಪಾಯ

ಒಂಬತ್ತನೆಯ ನಿಮಿಷದಲ್ಲಿ ಅಜ್ಜ, ತಮ್ಮನ್ನು ಮೊದಲ ಬಾರಿಗೆ ಗಿರಣಿಗೆ ಕರೆದೊಯ್ದ ಗೆಳೆಯನ ಹೆಸರು ಹೇಳುತ್ತಾರೆ. ಅದೇ ಕ್ಷಣಕ್ಕೆ ಬಸ್ಸೊಂದು ಹಾರನ್ ಬಾರಿಸುತ್ತದೆ. ಧ್ವನಿಯನ್ನು Spectrogram ನೋಟದಲ್ಲಿ ತೆರೆದರೆ ಸಮಸ್ಯೆ ಕಣ್ಣಿಗೇ ಕಾಣುತ್ತದೆ: ಕೆಲವು ನೂರು ಹರ್ಟ್ಜ್‌ನಿಂದ ಹಲವು ಸಾವಿರದವರೆಗೆ ಒಂದರ ಮೇಲೊಂದು ಅಡ್ಡಗೆರೆಗಳು. ಅಕ್ಷರಗಳನ್ನು ಗುರುತಿಸಲು ಕಿವಿ ನೆಚ್ಚಿಕೊಂಡಿರುವುದೂ ಇದೇ ಹರವನ್ನು. ಗೆರೆಗಳನ್ನು ಅಳಿಸಿದರೆ ಅಲ್ಲಿದ್ದ ಅಕ್ಷರಗಳೂ ಅಳಿಯುತ್ತವೆ. ಮೇಲಾಗಿ ಹಾರನ್ ಹತ್ತಿರದ್ದಾದ್ದರಿಂದ ಅಲೆಯ ತಲೆಗಳು ಕತ್ತರಿಸಿದಂತೆ ಚಪ್ಪಟೆಯಾಗಿದ್ದವು. ಮೈಕ್ ಹಿಡಿಯಲಾಗದೆ ಬಿಟ್ಟ ಭಾಗ ಕಡತದಲ್ಲಿಯೇ ಇಲ್ಲ; ಇಲ್ಲದ್ದನ್ನು ಯಾವ ಸೋಸುವಿಕೆಯೂ ತರಲಾರದು.

ಆದರೆ ಹಾರನ್ ಸುತ್ತಮುತ್ತ ಮಾಡಬಹುದಾದದ್ದು ಇದೆ. ಮಾತಿನ ನಡುವಿನ ಬಿಡುವಿನಲ್ಲಿ ಬಿದ್ದ ಹಾರನ್‌ಗಳನ್ನು Envelope Tool ಬಳಸಿ ತಗ್ಗಿಸಿದೆವು. ಪೂರ್ತಿ ಸೊನ್ನೆ ಮಾಡಿದರೆ ಗುಂಡಿಗೆ ಬಿದ್ದಂತೆ ಕೇಳಿಸುವುದರಿಂದ ಸುತ್ತಲಿನ ರಸ್ತೆಯ ಸದ್ದಿನ ಮಟ್ಟಕ್ಕೆ ಇಳಿಸಿದರೆ ಸಾಕು. ಇನ್ನೊಂದು, ಹಾರನ್ ಕೇಳಿ ಮೊಬೈಲ್ ತನ್ನ ಸೂಕ್ಷ್ಮತೆಯನ್ನು ಇಳಿಸಿರುತ್ತದೆ. ಹೀಗಾಗಿ ಅದು ನಿಂತ ಬಳಿಕದ ಎರಡು ಮೂರು ಪದಗಳು ಕ್ಷೀಣವಾಗಿರುತ್ತವೆ. ಅವನ್ನಷ್ಟೇ ಆಯ್ದು Amplify ಮೂಲಕ 6 dB ಏರಿಸಿದಾಗ, ಅದುವರೆಗೆ ಕೇಳಿಸದಿದ್ದ 'ನಮ್ಮ ಓಣಿಯವನೇ' ಎಂಬ ಮಾತು ಸ್ಪಷ್ಟವಾಯಿತು. ಹೆಸರು ಮಾತ್ರ ಸಿಗಲಿಲ್ಲ.

ಈ ಯಾವ ಹಂತದಲ್ಲಿಯೂ ಗದ್ದಲದ ಭಾಗವನ್ನು ಕತ್ತರಿಸಿ ತೆಗೆಯಬಾರದು. ಧ್ವನಿ ಒಂದು ಸೆಕೆಂಡು ಮೊಟಕಾದರೂ ಅಲ್ಲಿಂದ ಮುಂದೆ ತುಟಿಗೂ ಮಾತಿಗೂ ಹೊಂದಾಣಿಕೆ ತಪ್ಪುತ್ತದೆ. ಸಿದ್ಧವಾದ ಧ್ವನಿಯನ್ನು ಚಿತ್ರಕ್ಕೆ ಮರಳಿ ಜೋಡಿಸುವ ಸಾಲು ಹೀಗಿದೆ. ಚಿತ್ರ ಇದರಿಂದ ಬದಲಾಗುವುದಿಲ್ಲ:

```
ffmpeg -i ajja.mp4 -i ajja_clean.wav -map 0:v -map 1:a -c:v copy -c:a aac -b:a 160k ajja_new.mp4
```

ಜಗಳ, ಬೆದರಿಕೆ, ಲಂಚದ ಮಾತುಕತೆಯಂತಹ ಧ್ವನಿಮುದ್ರಣ ನ್ಯಾಯಾಲಯಕ್ಕೆ ಹೋಗುವುದಿದ್ದರೆ ವಿಷಯ ಬೇರೆ. ಅಲ್ಲಿ ಮೂಲ ಕಡತ ಮತ್ತು ಸಾಧ್ಯವಾದರೆ ಆ ಮೊಬೈಲನ್ನೂ ಮುಟ್ಟದೆ ಕಾಪಾಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಕೇಳುತ್ತದೆ. ಸ್ವಚ್ಛಗೊಳಿಸಿದ ಪ್ರತಿ ಕೇಳಲು ಅನುಕೂಲವೇ ಹೊರತು ಮೂಲದ ಜಾಗದಲ್ಲಿ ನಿಲ್ಲದು.

ಅಜ್ಜನ ಮನೆಯವರಿಗೆ ಎರಡೂ ಕಡತಗಳನ್ನು ಕೊಡಲಾಯಿತು. ಮಾತುಕತೆಯ ಬರಹ ರೂಪದಲ್ಲಿ ಆ ಹೆಸರಿನ ಜಾಗದಲ್ಲಿ 'ಹಾರನ್, ಕೇಳಿಸುವುದಿಲ್ಲ' ಎಂದಿದೆ. ಮೊಮ್ಮಗ ಒಂದು ಹೆಸರು ಊಹಿಸಿದ್ದಾನೆ. ಅದನ್ನು ಅಂಚಿನಲ್ಲಿ, ಊಹೆ ಎಂದೇ ಬರೆದಿಡಲಾಗಿದೆ.