ನೈಜ ಪ್ರತಿಫಲ: ಯಾದಗಿರಿ ಸೀಮೆಯ ಲೆಕ್ಕದಲ್ಲಿ

ಹೂಡಿದ ಹಣ ತೆರಿಗೆ ಕಟ್ಟಿದ ಮೇಲೆ, ಬೆಲೆ ಏರಿಕೆಯನ್ನೂ ಕಳೆದ ಮೇಲೆ, ಕೊಳ್ಳುವ ಶಕ್ತಿಯಲ್ಲಿ ಎಷ್ಟು ಬೆಳೆದಿದೆ ಎಂಬ ಅಳತೆಗೆ ನೈಜ ಪ್ರತಿಫಲ ಎನ್ನುತ್ತಾರೆ. ಬ್ಯಾಂಕಿನ ಫಲಕದಲ್ಲಿ ಕಾಣುವ ಬಡ್ಡಿ ದರ, ನಿವೇಶನ ಮಾರಿದವರು ಹೇಳುವ "ಮೂರು ಪಟ್ಟು ಆಯ್ತು" ಎಂಬ ಮಾತು ಇವೆಲ್ಲ ನಾಮಮಾತ್ರ ಪ್ರತಿಫಲ. ಎರಡರ ನಡುವಿನ ಅಂತರ ಎಷ್ಟಾಗಬಹುದು ಎಂಬುದಕ್ಕೆ 2020ರಿಂದ 2024ರವರೆಗಿನ ನಾಲ್ಕು ವರ್ಷ ಒಳ್ಳೆಯ ನಿದರ್ಶನ. ಕೋವಿಡ್ ಕಾಲದಲ್ಲಿ ಬಡ್ಡಿ ದರ ಕುಸಿದಿತ್ತು, ಬೆಲೆಗಳು ಮಾತ್ರ ಏರುತ್ತಲೇ ಇದ್ದವು.

ಸೂತ್ರ ಚಿಕ್ಕದು. ಇಲ್ಲಿ r ವರ್ಷದ ಬಡ್ಡಿ, t ಆ ಬಡ್ಡಿಯ ಮೇಲೆ ಬೀಳುವ ತೆರಿಗೆ ದರ, i ಹಣದುಬ್ಬರ.

```
(1 + r × (1 − t)) / (1 + i) − 1
```

ಸೂತ್ರದಲ್ಲಿ ತೆರಿಗೆ ಮೊದಲು ಬರುತ್ತದೆ, ಹಣದುಬ್ಬರ ಆಮೇಲೆ. ಈ ಕ್ರಮ ಬೇಕೆಂದೇ ಇಟ್ಟದ್ದು. ಆದಾಯ ತೆರಿಗೆ ಇಲಾಖೆ ಬಡ್ಡಿಯಷ್ಟನ್ನೂ ಆದಾಯವೆಂದೇ ಎಣಿಸುತ್ತದೆ. ಅದರಲ್ಲಿ ಬೆಲೆ ಏರಿಕೆಯನ್ನು ತುಂಬಿಕೊಡುವ ಪಾಲು ಎಷ್ಟು ಎಂದು ಕೇಳುವುದಿಲ್ಲ. ಹಾಗಾಗಿ ನಿಜವಾಗಿ ಏನೂ ಲಾಭವಾಗದ ವರ್ಷದಲ್ಲೂ ತೆರಿಗೆ ಬರುತ್ತದೆ. ಬಡ್ಡಿಯಿಂದ ಮೊದಲು ಹಣದುಬ್ಬರ ಕಳೆದು, ಉಳಿದದ್ದಕ್ಕೆ ಮಾತ್ರ ತೆರಿಗೆ ಲೆಕ್ಕ ಹಾಕುವವರ ಉತ್ತರ ಯಾವಾಗಲೂ ಇದ್ದುದಕ್ಕಿಂತ ಚೆಂದ ಕಾಣುತ್ತದೆ.

ಒಂದು ಠೇವಣಿಯ ನಾಲ್ಕು ವರ್ಷ

ಯಾದಗಿರಿಯ ಒಬ್ಬ ಶಿಕ್ಷಕರು 2020ರ ಅಕ್ಟೋಬರ್ ಹೊತ್ತಿಗೆ ಸ್ಟೇಟ್ ಬ್ಯಾಂಕಿನಲ್ಲಿ 10 ಲಕ್ಷ ರೂಪಾಯಿಯನ್ನು ನಾಲ್ಕು ವರ್ಷಕ್ಕೆ ಎಫ್‌ಡಿ ಇಟ್ಟರು ಎಂದುಕೊಳ್ಳೋಣ. ಆಗ ಮೂರರಿಂದ ಐದು ವರ್ಷದೊಳಗಿನ ಠೇವಣಿಗೆ ಸಾಮಾನ್ಯ ಗ್ರಾಹಕರಿಗೆ ಶೇ 5.3 ಬಡ್ಡಿ ಇತ್ತು. ಮೂರು ತಿಂಗಳಿಗೊಮ್ಮೆ ಬಡ್ಡಿ ಅಸಲಿಗೆ ಸೇರುವುದರಿಂದ ವರ್ಷಕ್ಕೆ ಶೇ 5.41ರಷ್ಟು ಬಿದ್ದಂತಾಯಿತು. 2024ರ ಅಕ್ಟೋಬರಿನಲ್ಲಿ ಅವಧಿ ಮುಗಿದಾಗ, ತೆರಿಗೆ ಕಳೆಯುವ ಮೊದಲು, ಮೊತ್ತ ಸುಮಾರು 12 ಲಕ್ಷ 34 ಸಾವಿರ.

ಇದೇ ಅವಧಿಯಲ್ಲಿ ಗ್ರಾಹಕ ಬೆಲೆ ಸೂಚ್ಯಂಕದ ವಾರ್ಷಿಕ ಸರಾಸರಿ ಏರಿಕೆ 2021-22ರಲ್ಲಿ ಶೇ 5.5, 2022-23ರಲ್ಲಿ 6.7, 2023-24ರಲ್ಲಿ 5.4, 2024-25ರಲ್ಲಿ 4.6. ಇವನ್ನು ಕೂಡಬಾರದು, ಒಂದರ ಮೇಲೊಂದು ಗುಣಿಸಬೇಕು. ಗುಣಿಸಿದರೆ 1.241 ಬರುತ್ತದೆ. ಎಂದರೆ 2020ರಲ್ಲಿ 10 ಲಕ್ಷಕ್ಕೆ ಸಿಗುತ್ತಿದ್ದ ಸಾಮಾನಿಗೆ 2024ರಲ್ಲಿ 12 ಲಕ್ಷ 41 ಸಾವಿರ ಬೇಕು. ತೆರಿಗೆಯ ಮಾತು ಬರುವ ಮೊದಲೇ ಠೇವಣಿ ಏಳು ಸಾವಿರ ಹಿಂದೆ ಬಿದ್ದಿದೆ.

ಈಗ ತೆರಿಗೆ. ಶಿಕ್ಷಕರು ಹಳೆಯ ಪದ್ಧತಿಯಲ್ಲಿ ಶೇ 20ರ ಹಂತದಲ್ಲಿದ್ದಾರೆ. ಶೇ 4ರ ಸೆಸ್ ಸೇರಿ 20.8. ಮೊದಲ ವರ್ಷದ 54 ಸಾವಿರ ಬಡ್ಡಿಗೆ 11,200 ರೂಪಾಯಿ ತೆರಿಗೆ. ಪ್ರತಿ ವರ್ಷದ ತೆರಿಗೆಯನ್ನು ಆಯಾ ವರ್ಷದ ಬಡ್ಡಿಯಿಂದಲೇ ಕಟ್ಟಿದರೆ ಕೊನೆಗೆ ಉಳಿಯುವುದು ಸುಮಾರು 11 ಲಕ್ಷ 83 ಸಾವಿರ. ಅದನ್ನು 1.241ರಿಂದ ಭಾಗಿಸಿದರೆ 9 ಲಕ್ಷ 53 ಸಾವಿರ. ನಾಲ್ಕು ವರ್ಷ ಕಾದದ್ದಕ್ಕೆ 2020ರ ರೂಪಾಯಿ ಲೆಕ್ಕದಲ್ಲಿ 47 ಸಾವಿರ ಕರಗಿದೆ.

ಈ ನಷ್ಟ ಕಣ್ಣಿಗೆ ಬೀಳದಿರಲು ಕಾರಣವಿದೆ. ತೆರಿಗೆಯಲ್ಲಿ ಟಿಡಿಎಸ್ ಪಾಲು ಮಾತ್ರ ಠೇವಣಿಯಿಂದ ಹೋಗುತ್ತದೆ, ಉಳಿದದ್ದು ಸಂಬಳದಿಂದ. ಪಾಸ್‌ಬುಕ್ಕಿನಲ್ಲಿ ಬೆಳೆದ ಮೊತ್ತ ಕೂತಿರುತ್ತದೆ, ಉಳಿದ ಸೋರಿಕೆ ಇನ್ನೊಂದು ಖಾತೆಯಲ್ಲಿರುತ್ತದೆ. ಇನ್ನು ಕೆಲವರು ಎಫ್‌ಡಿ ಮುರಿಯುವ ವರ್ಷದಲ್ಲಿ ಒಟ್ಟಿಗೆ ತೋರಿಸಿದರಾಯಿತು ಎಂದು ಬಡ್ಡಿಯನ್ನು ಬಿಟ್ಟಿರುತ್ತಾರೆ. ಆದರೆ ಬ್ಯಾಂಕ್ ವರ್ಷವರ್ಷವೂ ಅದನ್ನು ಇಲಾಖೆಗೆ ತಿಳಿಸುತ್ತದೆ. ಎಲ್ಲ ಬಡ್ಡಿ ಒಂದೇ ವರ್ಷಕ್ಕೆ ಬಿದ್ದರೆ ಮೇಲಿನ ಹಂತದ ದರವೂ ತಗುಲಬಹುದು.

ನಷ್ಟವೂ ಇಲ್ಲದೆ ಲಾಭವೂ ಇಲ್ಲದೆ ಸರಿದೂಗಲು ಎಷ್ಟು ಬಡ್ಡಿ ಬೇಕಿತ್ತು? ಹಣದುಬ್ಬರವನ್ನು ತೆರಿಗೆ ಕಳೆದು ಉಳಿಯುವ ಪಾಲಿನಿಂದ ಭಾಗಿಸಿದರೆ ಗೊತ್ತಾಗುತ್ತದೆ. ಆ ನಾಲ್ಕು ವರ್ಷದ ಸರಾಸರಿ ಹಣದುಬ್ಬರ ಶೇ 5.55, ಅದನ್ನು 0.792ರಿಂದ ಭಾಗಿಸಿದರೆ ಶೇ 7. ಶೇ 30ರ ಹಂತದವರಿಗೆ ಶೇ 8ಕ್ಕೂ ಸ್ವಲ್ಪ ಹೆಚ್ಚು. ತೆರಿಗೆಯೇ ಬೀಳದವರಿಗೆ 5.55 ಸಾಕು. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಸಿಕ್ಕು ತೆರಿಗೆ ಸೊನ್ನೆಯಾಗುವುದರಿಂದ ಇಂಥ ಶಿಕ್ಷಕರಲ್ಲಿ ಹಲವರ ಲೆಕ್ಕ ಈಗ ಬೇರೆ. ಅದಕ್ಕೇ ಎಫ್‌ಡಿ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಎಲ್ಲರಿಗೂ ಒಪ್ಪುವ ಒಂದೇ ಉತ್ತರ ಇರಲಾರದು.

ಸುರಪುರದ ರೈತನ ಅದೇ ಠೇವಣಿ

ನಾರಾಯಣಪುರ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಸುರಪುರದ ರೈತನೊಬ್ಬ ಅದೇ ದಿನ ಅಷ್ಟೇ ಹಣ ಇಟ್ಟಿದ್ದರೆ? ಬೇಸಾಯದ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಬೇರೆ ಆದಾಯ ಇಲ್ಲದಿದ್ದರೆ 54 ಸಾವಿರ ಬಡ್ಡಿ ವಿನಾಯಿತಿ ಮಿತಿಯೊಳಗೇ ಇರುತ್ತದೆ. ಆದರೆ ಬಡ್ಡಿ ವರ್ಷಕ್ಕೆ 40 ಸಾವಿರ ದಾಟಿದರೆ ಬ್ಯಾಂಕ್ ಶೇ 10 ಟಿಡಿಎಸ್ ಹಿಡಿಯುತ್ತಿತ್ತು, ಪ್ಯಾನ್ ಕೊಡದಿದ್ದರೆ ಶೇ 20. ಮಿತಿ 50 ಸಾವಿರಕ್ಕೆ ಏರಿದ್ದು 2025ರ ಏಪ್ರಿಲ್‌ನಲ್ಲಿ. ತಡೆಯಲು ಪ್ರತಿ ಆರ್ಥಿಕ ವರ್ಷದ ಆರಂಭದಲ್ಲಿ 15ಜಿ ನಮೂನೆ ಬರೆದುಕೊಡಬೇಕಿತ್ತು. ಮರೆತರೆ ರಿಟರ್ನ್ ಸಲ್ಲಿಸಿ ವಾಪಸು ಪಡೆಯಬೇಕು. ರಿಟರ್ನ್ ಹಾಕುವ ರೂಢಿಯೇ ಇಲ್ಲದ ಮನೆಯಲ್ಲಿ ಕಡಿತವಾದ ಹಣ ತೆರಿಗೆಯಾಗಿಯೇ ಉಳಿದುಬಿಡುತ್ತದೆ. ಕಾನೂನು ಕೇಳದ ಈ ತೆರಿಗೆ ನಾಲ್ಕೂ ವರ್ಷದ ಬಡ್ಡಿಗೆ ಶೇ 10ರಂತೆ ಬಿದ್ದರೆ ಕೊನೆಗೆ ಅವನ ಕೈಗೆ ಬರುವುದು 12 ಲಕ್ಷ 9 ಸಾವಿರ.

ಗದ್ದೆಯೂ ನೌಕರಿಯೂ ಒಬ್ಬರ ಹೆಸರಿನಲ್ಲೇ ಇದ್ದರೆ ಇನ್ನೊಂದು ಸೂಕ್ಷ್ಮವಿದೆ. ಬೇರೆ ಆದಾಯ ವಿನಾಯಿತಿ ಮಿತಿ ದಾಟಿ, ಬೇಸಾಯದ ನಿವ್ವಳ ಆದಾಯ 5,000 ಮೀರಿದರೆ, ಬೇಸಾಯದ ಆದಾಯವನ್ನು ದರ ಗೊತ್ತುಮಾಡಲು ಮಾತ್ರ ಕೂಡಿಸುತ್ತಾರೆ. ಭತ್ತಕ್ಕೆ ತೆರಿಗೆ ಇಲ್ಲ, ಆದರೆ ಭತ್ತದಿಂದಾಗಿ ಬಡ್ಡಿ ಮೇಲಿನ ಹಂತಕ್ಕೆ ಏರಬಹುದು.

ಯಾರ ಹಣದುಬ್ಬರ?

ಸೂಚ್ಯಂಕ ದೇಶಕ್ಕೆ, ರಾಜ್ಯಕ್ಕೆ, ಗ್ರಾಮ ಮತ್ತು ನಗರಕ್ಕೆ ಬೇರೆ ಬೇರೆಯಾಗಿ ಸಿಗುತ್ತದೆ, ಜಿಲ್ಲೆಗೆ ಸಿಗುವುದಿಲ್ಲ. ಮೇಲಿನ ಲೆಕ್ಕಕ್ಕೆ ಬಳಸಿದ 2012 ಆಧಾರ ವರ್ಷದ ಶ್ರೇಣಿಯಲ್ಲಿ ಗ್ರಾಮೀಣ ಬುಟ್ಟಿಯ ಶೇ 54ರಷ್ಟು ಆಹಾರ, ಪಾನೀಯ. ನಗರದಲ್ಲಿ ಅದು 36. ಆ ಶ್ರೇಣಿಯಲ್ಲಿ ಮನೆ ಬಾಡಿಗೆಗೆ ನಗರದಲ್ಲಿ ಶೇ 21ಕ್ಕೂ ಹೆಚ್ಚು ತೂಕ ಇತ್ತು, ಗ್ರಾಮೀಣ ಬುಟ್ಟಿಯಲ್ಲಿ ಬಾಡಿಗೆಯೇ ಇರಲಿಲ್ಲ. ಶಹಾಪುರದ ಹಳ್ಳಿಯಲ್ಲಿ ಜೋಳ, ತೊಗರಿ ಹೊಲದಿಂದಲೇ ಮನೆಗೆ ಬರುವ ಕುಟುಂಬಕ್ಕೆ ಕಾಳಿನ ಬೆಲೆ ಏರಿದರೆ ನಷ್ಟವಿಲ್ಲ, ಮಾರಲು ಉಳಿದಿದ್ದರೆ ಲಾಭವೇ. ಬಾಡಿಗೆ ಮನೆಯ ಶಿಕ್ಷಕರಿಗೆ ಅದೇ ಏರಿಕೆ ನೇರ ಹೊಡೆತ.

ಹೀಗಿರುವಾಗ ಹಣ ಯಾತಕ್ಕಾಗಿ ಇಟ್ಟದ್ದೋ ಅದರಿಂದಲೇ ಅಳೆಯುವುದು ಹೆಚ್ಚು ಪ್ರಾಮಾಣಿಕ. ಸಾಮಾನ್ಯ ಭತ್ತದ ಕನಿಷ್ಠ ಬೆಂಬಲ ಬೆಲೆ ಕ್ವಿಂಟಾಲಿಗೆ 2020-21ರಲ್ಲಿ 1,868 ರೂಪಾಯಿ, 2024-25ರಲ್ಲಿ 2,300. ರೈತನ 10 ಲಕ್ಷ ಆಗ 535 ಕ್ವಿಂಟಾಲ್ ಭತ್ತಕ್ಕೆ ಸಮ, ತೆರಿಗೆ ತಗುಲದ 12 ಲಕ್ಷ 34 ಸಾವಿರ 2024ರಲ್ಲಿ 537 ಕ್ವಿಂಟಾಲಿಗೆ. ಭತ್ತ ಮಾರಿ ಇಟ್ಟ ಹಣ ನಾಲ್ಕು ವರ್ಷ ಬಿಟ್ಟು ಅಷ್ಟೇ ಭತ್ತವಾಗಿ ಬಂದಿದೆ. ಆಳಿನ ಲೆಕ್ಕಕ್ಕೆ ಬಂದರೆ ಚಿತ್ರ ಬದಲಾಗುತ್ತದೆ. ಇದೇ ಅವಧಿಯಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 275ರಿಂದ 349ಕ್ಕೆ ಏರಿತು. 3,636 ಆಳುಗಳಿಗೆ ಸಾಕಾಗುತ್ತಿದ್ದ ಹಣ ಬಡ್ಡಿ ಸೇರಿದ ಮೇಲೂ 3,537 ಆಳಿಗೆ ಇಳಿಯಿತು. ಹತ್ತಿ ಬಿಡಿಸುವ ಕಾಲದ ನಿಜವಾದ ಕೂಲಿ ಈ ಸರಕಾರಿ ದರಕ್ಕೆ ಅಂಟಿಕೊಂಡಿರುವುದಿಲ್ಲ, ಬೆಂಬಲ ಬೆಲೆಯೂ ಅಡತಿಯಲ್ಲಿ ಸಿಕ್ಕೇ ಸಿಗುತ್ತದೆ ಎಂದಿಲ್ಲ. ಆದ್ದರಿಂದ ತನ್ನ ಮನೆಯ ಚೀಟಿಯಲ್ಲಿ ಬರೆದಿಟ್ಟ ಕೂಲಿ ಮತ್ತು ಮಾರಿದ ಬೆಲೆ ಇದ್ದರೆ ಅದನ್ನೇ ಹಾಕಿ ಲೆಕ್ಕ ಮಾಡುವುದು ಮೇಲು.

ನಿವೇಶನ

2009ರ ಕೊನೆಗೆ ಯಾದಗಿರಿ ಜಿಲ್ಲಾ ಕೇಂದ್ರವಾಯಿತು. ಜಿಲ್ಲೆಯಾದ ಹೊಸತರಲ್ಲಿ, 2010-11ರಲ್ಲಿ, ನೋಂದಣಿ ಖರ್ಚು ಸೇರಿ 3 ಲಕ್ಷಕ್ಕೆ ಕೊಂಡ ನಿವೇಶನ 2024-25ರಲ್ಲಿ 9 ಲಕ್ಷಕ್ಕೆ ಹೋಯಿತು ಎಂದಿಟ್ಟುಕೊಳ್ಳೋಣ, ಬೆಲೆಗಳು ಉದಾಹರಣೆಗಷ್ಟೇ. ಮೂರು ಪಟ್ಟು ಎಂದರೆ ವರ್ಷಕ್ಕೆ ಶೇ 8.2. ಆದಾಯ ತೆರಿಗೆಯ ವೆಚ್ಚ ಹಣದುಬ್ಬರ ಸೂಚ್ಯಂಕ ಈ ನಡುವೆ 167ರಿಂದ 363ಕ್ಕೆ ಹೋಗಿದೆ, ಆ ಲೆಕ್ಕದಲ್ಲಿ 3 ಲಕ್ಷದ 2024-25ರ ರೂಪ 6 ಲಕ್ಷ 52 ಸಾವಿರ. 2024ರ ಜುಲೈ 23ಕ್ಕೆ ಮುಂಚೆ ಕೊಂಡ ಜಾಗವಾದ್ದರಿಂದ, ಆ ದಿನದ ನಂತರ ಮಾರಿದರೂ, ಸೂಚ್ಯಂಕ ಹಿಡಿದು ಶೇ 20 ಅಥವಾ ಹಿಡಿಯದೆ ಶೇ 12.5, ಎರಡರಲ್ಲಿ ಯಾವುದು ಕಡಿಮೆಯೋ ಅದು ಸಾಕು. ಸೆಸ್ ಸೇರಿ ಮೊದಲನೆಯದು ಸುಮಾರು 51,600, ಎರಡನೆಯದು 78,000. ಕಡಿಮೆಯದನ್ನು ಕಟ್ಟಿ ಉಳಿದ 8 ಲಕ್ಷ 48 ಸಾವಿರವನ್ನು 6 ಲಕ್ಷ 52 ಸಾವಿರದೊಂದಿಗೆ ಹೋಲಿಸಿದರೆ ಹದಿನಾಲ್ಕು ವರ್ಷಕ್ಕೆ ಒಟ್ಟು ಶೇ 30, ವರ್ಷಕ್ಕೆ ಶೇ 1.9. ಲಾಭವೇ, ಆದರೆ ಮೂರು ಪಟ್ಟು ಎಂಬ ಮಾತು ಹುಟ್ಟಿಸುವ ಲಾಭವಲ್ಲ. ದಲ್ಲಾಳಿ ಕಮಿಷನ್, ಕಂದಾಯ ಇನ್ನೂ ಕಳೆದಿಲ್ಲ.

ಕೊಂಡ ಬೆಲೆಯನ್ನು ಕಾಗದದಲ್ಲಿ ಅರ್ಧಕ್ಕೆ ಇಳಿಸಿ ಒಂದೂವರೆ ಲಕ್ಷಕ್ಕೆ ನೋಂದಾಯಿಸಿದ್ದರೆ ಅದರ ಬಿಲ್ ಈಗ ಬರುತ್ತದೆ: ಅಗ್ಗದ ಆಯ್ಕೆಯಲ್ಲೂ ತೆರಿಗೆ 97,500. ಆಗ ಮುದ್ರಾಂಕದಲ್ಲಿ ಉಳಿಸಿದ ಕೆಲವು ಸಾವಿರಕ್ಕೆ ಈಗ ತೆರುವುದು 46 ಸಾವಿರ. ಹೊಲವಾದರೆ ನಿಯಮ ಬೇರೆ. 2011ರ ಜನಗಣತಿಯ ಪ್ರಕಾರ ಯಾದಗಿರಿ, ಶಹಾಪುರ, ಸುರಪುರ ಮೂರೂ ಒಂದು ಲಕ್ಷದೊಳಗಿನ ಪಟ್ಟಣಗಳು. ಇಂಥ ಕಡೆ ಪಟ್ಟಣದ ಎಲ್ಲೆಯಿಂದ ನೇರ ದೂರ 2 ಕಿ.ಮೀ. ಮೀರಿದ ಸಾಗುವಳಿ ಜಮೀನು ಬಂಡವಾಳ ಆಸ್ತಿಯೇ ಅಲ್ಲ, ಮಾರಿದ ಲಾಭಕ್ಕೆ ತೆರಿಗೆ ಇಲ್ಲ.

ಕೈಬದಲು ಬಡ್ಡಿ

ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ, ಅಂದರೆ ವರ್ಷಕ್ಕೆ ಶೇ 24, ಸೂತ್ರಕ್ಕೆ ಹಾಕಿದರೆ ಮಿಕ್ಕೆಲ್ಲವನ್ನೂ ಸೋಲಿಸುತ್ತದೆ. ಸೂತ್ರಕ್ಕೆ ಗೊತ್ತಿಲ್ಲದ್ದು ಅಸಲು ಮುಳುಗುವ ಸಂಗತಿ. ಐದು ಜನಕ್ಕೆ ಒಂದೊಂದು ಲಕ್ಷ ಕೊಟ್ಟು ಒಬ್ಬ ಕೈ ಎತ್ತಿದರೆ ವರ್ಷದ ಕೊನೆಗೆ ಬರುವುದು 4 ಲಕ್ಷ 96 ಸಾವಿರ. ಲೇವಾದೇವಿ ಕಸುಬಲ್ಲದವರಿಗೆ ಮುಳುಗಿದ ಅಸಲನ್ನು ಬಡ್ಡಿಯಿಂದ ಕಳೆಯಲು ಅವಕಾಶವಿಲ್ಲ. ಬಂದ 96 ಸಾವಿರ ಬಡ್ಡಿಗೆ ಶೇ 20.8ರ ಹಂತದಲ್ಲಿ 20 ಸಾವಿರ ತೆರಿಗೆ. ಉಳಿದ 4 ಲಕ್ಷ 76 ಸಾವಿರದಿಂದ ಶೇ 5.5ರ ಹಣದುಬ್ಬರ ಕಳೆದರೆ 5 ಲಕ್ಷದ ಕೊಳ್ಳುವ ಶಕ್ತಿ 4 ಲಕ್ಷ 51 ಸಾವಿರಕ್ಕೆ ಇಳಿದಿರುತ್ತದೆ.