ಮಳೆ ರಜೆಯಲ್ಲಿ ಮೊಬೈಲ್ ಪಾಠ: ಕಮ್ಮಿ ನೆಟ್‌ವರ್ಕ್‌ಗೆ ವಾಟ್ಸ್ಆ್ಯಪ್ಪಾ, ಜೂಮಾ, ಮೀಟಾ?

ಹೊಸನಗರ: ಮಳೆಗೆ ಶಾಲೆ ರಜೆ ಕೊಟ್ಟ ದಿನ ಹತ್ತನೇ ಕ್ಲಾಸಿನ ಪಾಠ ನಿಲ್ಲಬಾರದು ಅಂತ ಫೋನಲ್ಲೇ ಕ್ಲಾಸ್ ತಗೊಳ್ಳೋ ಮೇಷ್ಟ್ರು ನಮ್ಮ ತಾಲೂಕಿನಲ್ಲಿ ಇದ್ದಾರೆ. ಅಂಥ ಒಬ್ಬ ಗಣಿತದ ಮೇಷ್ಟ್ರ ಮನೆಗೆ ಹೋಗಿದ್ದೆ. 22 ಮಕ್ಕಳು, ಮನೆಯ ಹಿಂದಿನ ಜಗಲಿಯಲ್ಲಿ ಮಾತ್ರ ಎರಡು ಕಡ್ಡಿ ಸಿಗ್ನಲ್, ದಿನಕ್ಕೆ 1.5 ಜಿಬಿ ಪ್ಯಾಕ್. "ಯಾವ ಆ್ಯಪ್ ಹಾಕ್ಲಿ ಹೇಳು ಮಾರಾಯ, ಅರ್ಧ ಗಂಟೆಗೆ ಬೋರ್ಡೂ ಕಾಣಲ್ಲ, ನನ್ನ ದನಿಯೂ ಕೇಳಲ್ಲ ಅಂತಾರೆ" ಅಂದ್ರು.

ಆ್ಯಪ್ ಆರಿಸೋ ಮೊದಲು ಒಂದು ವಿಷಯ ತಿಳ್ಕೋಬೇಕು. ನೆಟ್‌ವರ್ಕ್ ವೀಕ್ ಇರೋದು ಬೇರೆ, ಡೇಟಾ ಕಮ್ಮಿ ಇರೋದು ಬೇರೆ. ಸಿಗ್ನಲ್ ವೀಕ್ ಇದ್ದಾಗ ಮೊದಲು ಸೋಲೋದು ಅಪ್‌ಲೋಡ್. ಟವರ್ ಜೋರಾಗಿ ಕಳಿಸತ್ತೆ, ನಮ್ಮ ಫೋನಿನ ಸಣ್ಣ ಆಂಟೆನಾಗೆ ಅಷ್ಟು ದೂರ ವಾಪಸ್ ಕಳಿಸೋ ಶಕ್ತಿ ಇರಲ್ಲ. ಅದಕ್ಕೇ ಯೂಟ್ಯೂಬ್ ಚೆನ್ನಾಗಿ ಓಡೋ ಜಾಗದಲ್ಲೂ ವಿಡಿಯೋ ಕಾಲ್ ಕಟ್ ಆಗತ್ತೆ. ಕ್ಲಾಸಿನಲ್ಲಿ ಹೆಚ್ಚು ಕಳಿಸೋರು ಮೇಷ್ಟ್ರೇ, ಹಾಗಾಗಿ ಪೆಟ್ಟು ಬೀಳೋದೂ ಅವರಿಗೇ.

ಯಾರ ಕಡೆ ತೊಂದರೆ ಅಂತ ಕಂಡುಹಿಡಿಯೋದು ಸುಲಭ. ಎಲ್ಲ ಮಕ್ಕಳೂ ಒಟ್ಟಿಗೆ "ಸರ್ ವಾಯ್ಸ್ ಕಟ್ ಆಗ್ತಿದೆ" ಅಂದ್ರೆ, ಆದ್ರೆ ಅವರ ಮಾತು ನಿಮಗೆ ಸರಿಯಾಗಿ ಕೇಳ್ತಿದ್ರೆ, ಅದು ನಿಮ್ಮ ಅಪ್‌ಲೋಡ್. ಒಬ್ಬ ಹುಡುಗ ಮಾತ್ರ ಹೇಳಿದ್ರೆ ಅವನ ಮನೆಯ ನೆಟ್‌ವರ್ಕ್. ನಂಬರ್ ನೋಡ್ಬೇಕು ಅಂದ್ರೆ fast.com ತೆರೆದು Show more info ಒತ್ತಿ, ಅಪ್‌ಲೋಡ್ ಎಷ್ಟು ಅಂತ ತೋರಿಸತ್ತೆ. ಪದೇ ಪದೇ ಒತ್ತಬೇಡಿ, ಆ ಪರೀಕ್ಷೆಯೇ ಡೇಟಾ ತಿನ್ನತ್ತೆ. ಮೇಷ್ಟ್ರ ಜಗಲಿಯಲ್ಲಿ 0.4 ಎಂಬಿಪಿಎಸ್ ಬಂತು, ಅಂದ್ರೆ 400 ಕೆಬಿಪಿಎಸ್. ನಡುಮನೆಯಲ್ಲಿ ಅದರ ಕಾಲು ಭಾಗವೂ ಇರಲಿಲ್ಲ.

ಈಗ ಲೆಕ್ಕ. ಜೂಮ್ ಕಂಪನಿಯೇ ಹೇಳೋ ಪ್ರಕಾರ ಇಬ್ಬರ ನಡುವಿನ ಒಳ್ಳೆ ಗುಣಮಟ್ಟದ ವಿಡಿಯೋಗೆ ಹೋಗೋಕೆ 600, ಬರೋಕೆ 600 ಕೆಬಿಪಿಎಸ್ ಬೇಕು. ದನಿ ಮಾತ್ರ ಆದ್ರೆ 60ರಿಂದ 80 ಸಾಕು. ಕ್ಯಾಮೆರಾ ಇಲ್ಲದೆ ಸ್ಕ್ರೀನ್ ಮಾತ್ರ ಹಂಚಿದ್ರೆ 50ರಿಂದ 75. ಇದನ್ನ 40 ನಿಮಿಷಕ್ಕೆ ಹಾಕಿ ನೋಡಿ. ವಿಡಿಯೋಗೆ ಒಂದು ಕಡೆಗೆ 180 ಎಂಬಿ, ಎರಡೂ ಕಡೆ ಸೇರಿ 360 ಎಂಬಿ. ಪ್ಯಾಕ್‌ನಲ್ಲಿ ಅಪ್‌ಲೋಡ್ ಕೂಡ ಎಣಿಕೆಯಾಗತ್ತೆ ಅನ್ನೋದನ್ನ ಸುಮಾರು ಜನ ಮರೀತಾರೆ. ಅದೇ ದನಿ ಮತ್ತು ಸ್ಕ್ರೀನ್ ಎರಡನ್ನೂ ಕಳಿಸಿದ್ರೆ ಹೆಚ್ಚಂದ್ರೆ 155 ಕೆಬಿಪಿಎಸ್, 40 ನಿಮಿಷಕ್ಕೆ ಸುಮಾರು 47 ಎಂಬಿ. ಮೇಷ್ಟ್ರ 400 ಕೆಬಿಪಿಎಸ್‌ನಲ್ಲಿ 600 ಹಿಡಿಸಲ್ಲ, 155 ಆರಾಮಾಗಿ ಹಿಡಿಸತ್ತೆ. ಅವರ ತೊಂದರೆ ಆ್ಯಪ್‌ದಲ್ಲ, ಬೋರ್ಡಿಗೆ ತಿರುಗಿಸಿಟ್ಟ ಕ್ಯಾಮೆರಾದ್ದು.

ಹಾಗಾಗಿ ನಾವು ಮಾಡಿದ್ದು ಹೀಗೆ. ಲೆಕ್ಕವನ್ನ ನೋಟ್ ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ ಬಿಡಿಸಿ, ಪುಟಕ್ಕೊಂದು ಫೋಟೋ ತೆಗೆದು, ಜೂಮ್‌ನಲ್ಲಿ ಕ್ಯಾಮೆರಾ ಆಫ್ ಮಾಡಿ, Share ಒತ್ತಿ ಆ ಫೋಟೋಗಳನ್ನೇ ಹಂಚಿದ್ವಿ. ಪೂರ್ತಿ ಸ್ಕ್ರೀನ್ ಹಂಚಿದ್ರೆ ಮಧ್ಯೆ ಬರೋ ಮೆಸೇಜೆಲ್ಲ ಮಕ್ಕಳಿಗೆ ಕಾಣತ್ತೆ, ಅದಕ್ಕೆ ಫೋಟೋ ಆರಿಸೋದೇ ಕ್ಷೇಮ. ಒಂದು ಫೋಟೋ ಕದಲದೆ ನಿಂತಿದ್ರೆ ಡೇಟಾ ಕಮ್ಮಿ, ಸರಸರ ಉಜ್ಜುತ್ತಾ ಹೋದ್ರೆ ಮತ್ತೆ ಏರತ್ತೆ. ಮಕ್ಕಳ ಕ್ಯಾಮೆರಾಗಳೂ ಆಫ್ ಇರ್ಬೇಕು. ಐದು ಮುಖ ಕಾಣ್ತಿದ್ರೆ ಐದರ ವಿಡಿಯೋನೂ ಎಲ್ಲರ ಫೋನಿಗೆ ಬರ್ತಿರತ್ತೆ. ಜೂಮ್‌ನ ಫ್ರೀ ಖಾತೆಯಲ್ಲಿ 100 ಜನಕ್ಕೆ ಜಾಗ ಇದೆ, ಆದ್ರೆ 40 ನಿಮಿಷಕ್ಕೆ ಕಾಲ್ ಮುಗಿಯತ್ತೆ. ನಮ್ಮ ಪೀರಿಯಡ್ ಕೂಡ ಅಷ್ಟೇ ಅಲ್ವಾ, 35ಕ್ಕೆ ಮುಗಿಸೋ ಅಭ್ಯಾಸ ಮಾಡ್ಕೊಂಡ್ರೆ ಆಯ್ತು.

ವಾಟ್ಸ್ಆ್ಯಪ್‌ನ ದೊಡ್ಡ ಅನುಕೂಲ ಅಂದ್ರೆ ಅದು ಎಲ್ಲರ ಫೋನಲ್ಲೂ ಆಗಲೇ ಇದೆ. ಅಪ್ಪನ ಫೋನಿಗೆ ಹೊಸ ಆ್ಯಪ್ ಹಾಕಿಸೋ ಗಲಾಟೆ ಇಲ್ಲ, ಸಮಯದ ಮಿತಿನೂ ಇಲ್ಲ. ಒಂದು ಕಾಲ್‌ಗೆ 32 ಜನ, ಅಂದ್ರೆ ಮೇಷ್ಟ್ರು ಬಿಟ್ಟು 31 ಮಕ್ಕಳು. ಇಲ್ಲಿ ವಿಡಿಯೋ ಬೇಡ, ವಾಯ್ಸ್ ಕಾಲ್ ಸಾಕು. ಪುಟಗಳ ಫೋಟೋ ಹಿಂದಿನ ರಾತ್ರಿಯೇ ಗ್ರೂಪಿಗೆ ಹಾಕಿ, "ಎರಡನೇ ಫೋಟೋ ನೋಡಿ" ಅಂತ ದನಿಯಲ್ಲೇ ಪಾಠ ಮಾಡೋದು. Settings ಒಳಗೆ Storage and data, ಅದರಲ್ಲಿ Use less data for calls ಅಂತ ಇದೆ, ಅದನ್ನ ಆನ್ ಮಾಡಿ. ದನಿ ಸ್ವಲ್ಪ ಡಬ್ಬದೊಳಗಿಂದ ಬಂದ ಹಾಗೆ ಕೇಳಬಹುದು, ಆದ್ರೆ ತುಂಡಾಗೋದು ಕಮ್ಮಿ. ಅಲ್ಲೇ Network usage ಒತ್ತಿದ್ರೆ ಕಾಲ್‌ಗೆ ಎಷ್ಟು ಹೋಯ್ತು, ಎಷ್ಟು ಬಂತು ಅಂತ ಕಾಣತ್ತೆ. ಕ್ಲಾಸಿಗೆ ಮೊದಲು, ಆಮೇಲೆ ಎರಡು ಸಲ ನೋಡಿ ಕಳೆದ್ರೆ ನಿಮ್ಮದೇ ಊರಿನ ನಿಜವಾದ ಲೆಕ್ಕ ಸಿಗತ್ತೆ. ನನ್ನ ಮಾತು ನಂಬೋದೂ ಬೇಡ.

ಕೊರತೆ ಏನಂದ್ರೆ ನಡುವೆ ಮಾಮೂಲಿ ಫೋನ್ ಬಂದು ಎತ್ತಿದ್ರೆ ಪಾಠ ಅಲ್ಲಿಗೆ ನಿಲ್ಲತ್ತೆ. ಈ ತೊಂದರೆ ಬೇರೆ ಆ್ಯಪ್‌ಗಳಲ್ಲೂ ಇದೆ. ಜಾಮಿಟ್ರಿಯಂಥ ಪಾಠಕ್ಕೆ, ಬೆರಳಿಟ್ಟು ತೋರಿಸ್ಬೇಕಾದಾಗ, ಬರೀ ದನಿ ಸಾಲಲ್ಲ. ಮೇಷ್ಟ್ರು ಈಗ ರಚನೆಗಳಿಗೆ ಜೂಮ್, ಬೀಜಗಣಿತಕ್ಕೆ ವಾಟ್ಸ್ಆ್ಯಪ್ ಇಟ್ಕೊಂಡಿದ್ದಾರೆ.

ಗೂಗಲ್ ಮೀಟ್ ಕೆಟ್ಟದ್ದಲ್ಲ. ಮೂರು ಅಥವಾ ಹೆಚ್ಚು ಜನ ಇದ್ರೆ ಫ್ರೀಯಾಗಿ 60 ನಿಮಿಷ, 100 ಜನ. ಜೂಮ್‌ಗಿಂತ 20 ನಿಮಿಷ ಜಾಸ್ತಿ ಬೇಕು ಅನ್ನೋರಿಗೆ ಇದೇ ಸರಿ, ಕ್ಯಾಮೆರಾ ಆಫ್ ಅನ್ನೋ ನಿಯಮ ಇಲ್ಲೂ ಅದೇ. ಇಬ್ಬರೇ ಇದ್ರೆ 24 ಗಂಟೆವರೆಗೂ ಮಾತಾಡಬಹುದು, ಒಬ್ಬ ಹುಡುಗನಿಗೆ ಮಾತ್ರ ಡೌಟ್ ಹೇಳಿಕೊಡೋಕೆ ಒಳ್ಳೇದು.

ಇನ್ನೊಂದು ವಿಷಯ ಮಕ್ಕಳ ಕಡೆಯದ್ದು. ಮೇಷ್ಟ್ರು ಮೊದಲು ಸಂಜೆ ಏಳಕ್ಕೆ ಕ್ಲಾಸ್ ಇಟ್ಟಿದ್ರು. ಅಷ್ಟೊತ್ತಿಗೆ ಅಪ್ಪನ ಫೋನಿನ ದಿನದ ಡೇಟಾ ರೀಲ್ಸ್ ನೋಡಿ ಮುಗಿದಿರತ್ತೆ. ಮುಗಿದ ಮೇಲೆ ಹೆಚ್ಚಿನ ಪ್ಯಾಕ್‌ಗಳಲ್ಲಿ ಸ್ಪೀಡ್ 64 ಕೆಬಿಪಿಎಸ್‌ಗೆ ಇಳಿಯತ್ತೆ. ಜೂಮ್‌ನ ದನಿಗೇ 60ರಿಂದ 80 ಬೇಕು ಅಂತ ಮೇಲೆ ಹೇಳಿದ್ನಲ್ಲ, ಆ ಹುಡುಗನಿಗೆ ಫೋಟೋ ಬರೋದಿರಲಿ, ಮಾತೇ ಪೂರ್ತಿ ಮುಟ್ಟಲ್ಲ. ಟವರ್ ಸರಿ ಇಲ್ಲ ಅಂತ ಬೈಕೊಂಡು ಕೂತಿರ್ತಾರೆ. ದಿನದ ಡೇಟಾ ಮಧ್ಯರಾತ್ರಿ ಹೊಸದಾಗಿ ಶುರುವಾಗೋದ್ರಿಂದ ಬೆಳಿಗ್ಗೆ ಏಳಕ್ಕೆ ಕ್ಲಾಸ್ ಇಟ್ರೆ ಎಲ್ಲರ ಹತ್ರನೂ ಪೂರ್ತಿ ಇರತ್ತೆ. ರೀಚಾರ್ಜ್ ಅಂಗಡಿಯವರೇ, ನೆಟ್ ಸ್ಲೋ ಅಂತ ಸಂಜೆ ಬಂದು ಸಿಮ್ ಬದಲಾಯಿಸಿ ಅನ್ನೋ ಗಿರಾಕಿಗೆ ಮೊದಲು ಇವತ್ತಿನ ಡೇಟಾ ಎಷ್ಟು ಉಳಿದಿದೆ ನೋಡಿ ಹೇಳಿ.

ಬೆಳಿಗ್ಗೆಗೆ ಬದಲಾಯಿಸಿದ ಮೇಲೆ 22ರಲ್ಲಿ 19 ಮಕ್ಕಳು ಕೊನೇವರೆಗೆ ಇದ್ರು. ಉಳಿದ ಮೂವರ ಮನೆಯಲ್ಲಿ ಸಿಗ್ನಲ್ಲೇ ಇಲ್ಲ. ಅವರಿಗೆ ಯಾವ ಆ್ಯಪ್ಪೂ ಆಗಲ್ಲ. ಪಾಠವನ್ನ ವಾಯ್ಸ್ ಮೆಸೇಜ್ ಮಾಡಿ ಕಳಿಸ್ತಾರೆ, ಪೇಟೆಗೆ ಬಂದ ಅಪ್ಪನ ಫೋನಿಗೆ ಅದು ಇಳಿಯತ್ತೆ, ರಾತ್ರಿ ಮನೆಯಲ್ಲಿ ಮಕ್ಕಳು ಕೇಳ್ತಾರೆ.