ಸಾರ್ವಜನಿಕ ಭವಿಷ್ಯ ನಿಧಿ (ಪಿಪಿಎಫ್)

ಸಾರ್ವಜನಿಕ ಭವಿಷ್ಯ ನಿಧಿಯು ಕೇಂದ್ರ ಸರ್ಕಾರದ ದೀರ್ಘಾವಧಿ ಉಳಿತಾಯ ಯೋಜನೆ. ಜನ ಕರೆಯುವುದು ಪಿಪಿಎಫ್ ಎಂದೇ. ಸಂಬಳದವರಿಗೆ ಕಚೇರಿಯಲ್ಲೇ ಪಿಎಫ್ ಹಿಡಿಯುತ್ತಾರೆ. ಆ ಅನುಕೂಲವಿಲ್ಲದ ರೈತರು, ಅಂಗಡಿಯವರು, ಸ್ವಂತ ಕಸುಬಿನವರೂ ಅಂಥದೊಂದು ಗಂಟು ಮಾಡಿಕೊಳ್ಳಬಹುದಾದ ಯೋಜನೆ ಇದು. 1968ರಲ್ಲಿ ಆರಂಭವಾಯಿತು. ಈಗ ನಡೆಯುತ್ತಿರುವುದು 2019ರ ಡಿಸೆಂಬರಿನಲ್ಲಿ ಹೊರಬಿದ್ದ ಹೊಸ ನಿಯಮಗಳಂತೆ. ಅಂಚೆ ಕಚೇರಿಯಲ್ಲಾಗಲಿ ಬ್ಯಾಂಕಿನಲ್ಲಾಗಲಿ ಒಬ್ಬರು ತಮ್ಮ ಹೆಸರಿನಲ್ಲಿ ಒಂದೇ ಖಾತೆ ತೆರೆಯಬಹುದು. ವರ್ಷಕ್ಕೆ ಕನಿಷ್ಠ 500 ರೂಪಾಯಿ ಕಟ್ಟಲೇಬೇಕು, 1,50,000 ರೂಪಾಯಿ ದಾಟುವಂತಿಲ್ಲ. ಮಗುವಿನ ಹೆಸರಿನಲ್ಲಿ ಇನ್ನೊಂದು ಖಾತೆ ತೆರೆದರೂ ತಂದೆ ಅಥವಾ ತಾಯಿಯ ಖಾತೆ ಸೇರಿಸಿಯೇ ಆ ಮಿತಿಯನ್ನು ಲೆಕ್ಕ ಹಾಕುತ್ತಾರೆ.

ಬಡ್ಡಿ ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. 2000ದ ಆರಂಭದವರೆಗೂ ಶೇ. 12 ಇದ್ದದ್ದು ಇಳಿಯುತ್ತ ಬಂದು, 2020ರ ಏಪ್ರಿಲ್‌ನಿಂದ ಶೇ. 7.1ಕ್ಕೆ ನಿಂತಿತು. ದರಕ್ಕಿಂತ ಹೆಚ್ಚು ಜನ ಎಡವುವುದು ಬಡ್ಡಿ ಎಣಿಸುವ ರೀತಿಯಲ್ಲಿ. ಪ್ರತಿ ತಿಂಗಳ 5ನೇ ತಾರೀಖು ಮುಗಿದಾಗಿನಿಂದ ತಿಂಗಳ ಕೊನೆಯವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಮೊತ್ತಕ್ಕೆ ಮಾತ್ರ ಆ ತಿಂಗಳ ಬಡ್ಡಿ. ಹೀಗೆ ತಿಂಗಳುಗಟ್ಟಲೆ ಎಣಿಸಿದ್ದನ್ನು ಪಾಸ್‌ಬುಕ್ಕಿಗೆ ಸೇರಿಸುವುದು ವರ್ಷಕ್ಕೊಮ್ಮೆ, ಮಾರ್ಚ್ 31ಕ್ಕೆ.

ಮಂಡ್ಯ ನಗರದ ಗುತ್ತಲು ಕಡೆಯ ಕಬ್ಬು ಬೆಳೆಗಾರರೊಬ್ಬರನ್ನು ಊಹಿಸಿಕೊಳ್ಳಿ. ಅವರ ಕೈಗೆ ತಿಂಗಳ ಸಂಬಳ ಬರುವುದಿಲ್ಲ. ಕಬ್ಬು ಕಡಿದು ಸಾಗಿಸಿ, ಕಾರ್ಖಾನೆಯಿಂದಲೋ ಆಲೆಮನೆಯಿಂದಲೋ ಹಣ ಬಂದಾಗ ಒಟ್ಟಿಗೆ ಬರುತ್ತದೆ. ಅವರು ಏಪ್ರಿಲ್ 5ರೊಳಗೆ ಒಂದೂವರೆ ಲಕ್ಷ ಕಟ್ಟಿದರೆ ಆ ವರ್ಷ 10,650 ರೂಪಾಯಿ ಬಡ್ಡಿ. ಮಾರನೆಯ ದಿನ, 6ರಂದು ಕಟ್ಟಿದರೆ ಒಂದು ತಿಂಗಳ 887 ರೂಪಾಯಿ 50 ಪೈಸೆ ಹೋಯಿತು. ಹಣ ಬಂದದ್ದೇ ಜುಲೈ 10ಕ್ಕೆ ಎಂದಾದರೆ ಲೆಕ್ಕ ಶುರುವಾಗುವುದು ಆಗಸ್ಟಿನಿಂದ, ಸಿಗುವುದು 7,100. ಚೆಕ್ ಕೊಟ್ಟವರು ಇನ್ನೊಂದು ನೆನಪಿಡಬೇಕು: ಕೊಟ್ಟ ದಿನವಲ್ಲ, ಚೆಕ್ ಪಾಸಾದ ದಿನವೇ ಜಮೆಯ ದಿನ. 4ನೇ ತಾರೀಖು ಚೆಕ್ ಕೊಟ್ಟು ನಿಶ್ಚಿಂತೆಯಾಗಿರುವಂತಿಲ್ಲ.

ಅವಧಿ 15 ವರ್ಷ ಎನ್ನುತ್ತಾರೆ. ವಾಸ್ತವದಲ್ಲಿ ಅದು ಹದಿನಾರರ ಹತ್ತಿರಕ್ಕೂ ಹೋಗಬಹುದು. ಎಣಿಕೆ ಖಾತೆ ತೆರೆದ ದಿನದಿಂದಲ್ಲ, ಆ ಹಣಕಾಸು ವರ್ಷದ ಕೊನೆಯಿಂದ. 2021ರ ಏಪ್ರಿಲ್ 5ರಂದು ತೆರೆದ ಖಾತೆಯ ಎಣಿಕೆ 2022ರ ಮಾರ್ಚ್ 31ರಿಂದ ಶುರುವಾಗಿ 2037ರ ಮಾರ್ಚ್ 31ಕ್ಕೆ ಮುಗಿಯುತ್ತದೆ.

ನಡುವೆ ಹಣ ತೆಗೆಯುವ ನಿಯಮದಲ್ಲೇ ನಿರಾಸೆಗೆ ಹೆಚ್ಚು ಜಾಗ. ಅದೇ ಖಾತೆಗೆ ಪ್ರತಿ ವರ್ಷ ಏಪ್ರಿಲ್ 5ರೊಳಗೆ 60,000 ಕಟ್ಟುತ್ತ ಬಂದಿದ್ದಾರೆ ಎನ್ನಿ. ತೆರೆದ ವರ್ಷ ಕಳೆದು ಐದು ವರ್ಷ ತುಂಬಬೇಕಾದ್ದರಿಂದ 2027ರ ಏಪ್ರಿಲ್‌ಗೆ ಮುಂಚೆ ಏನೂ ತೆಗೆಯಲಾಗದು. ಆ ಹೊತ್ತಿಗೆ, ದರ ಹೀಗೇ ಇದ್ದರೆ, ಪಾಸ್‌ಬುಕ್ಕಿನಲ್ಲಿ ಸುಮಾರು 4,60,830 ರೂಪಾಯಿ ಇರುತ್ತದೆ. ಅರ್ಧ ತೆಗೆಯಬಹುದು ಎಂದು ಯಾರೋ ಹೇಳಿದ್ದನ್ನು ನಂಬಿ, ಮಗಳ ಮದುವೆಗೆ ಎರಡು ಲಕ್ಷ ಮೂವತ್ತು ಸಾವಿರ ಬರುತ್ತದೆಂದು ಲೆಕ್ಕ ಹಾಕಿಕೊಂಡರೆ ಕೆಟ್ಟರು. ನಿಯಮ ಹೇಳುವುದು ಹಿಂದಿನ ವರ್ಷದ ಕೊನೆಯ ಬಾಕಿ ಮತ್ತು ಹಿಂದಿನ ನಾಲ್ಕನೆಯ ವರ್ಷದ ಕೊನೆಯ ಬಾಕಿ, ಇವೆರಡರಲ್ಲಿ ಕಡಿಮೆಯಾದದ್ದರ ಅರ್ಧವನ್ನು. ನಾಲ್ಕನೆಯ ವರ್ಷ ಮುಗಿದದ್ದು 2024ರ ಮಾರ್ಚ್ 31ಕ್ಕೆ. ಆಗ ಇದ್ದದ್ದು ಸುಮಾರು 2,06,790. ಕೈಗೆ ಬರುವುದು ಒಂದು ಲಕ್ಷ ಮೂರು ಸಾವಿರದಷ್ಟೇ, ಅದೂ ವರ್ಷಕ್ಕೊಂದೇ ಸಲ. ಐದು ವರ್ಷಕ್ಕೆ ಮುಂಚೆ ತೀರಾ ಅಗತ್ಯ ಬಿದ್ದರೆ ಸಾಲ ಪಡೆಯಬಹುದು. ಅದಕ್ಕೆ ಮಿತಿ ಎರಡು ವರ್ಷ ಹಿಂದಿನ ಬಾಕಿಯ ಕಾಲುಭಾಗ. 36 ತಿಂಗಳೊಳಗೆ ತೀರಿಸಬೇಕು.

ಯಾವುದೋ ವರ್ಷ ಬೆಳೆ ಕೈಕೊಟ್ಟು 500 ರೂಪಾಯಿಯನ್ನೂ ಕಟ್ಟದೆ ಬಿಟ್ಟರೆ ಖಾತೆ ಸ್ಥಗಿತವಾಗುತ್ತದೆ. ಇದ್ದ ಹಣಕ್ಕೆ ಬಡ್ಡಿ ಬರುತ್ತಲೇ ಇರುತ್ತದೆ, ಆದರೆ ಸಾಲವಾಗಲಿ ನಡುವಿನ ಹಿಂಪಡೆತವಾಗಲಿ ಸಿಗದು. ತಪ್ಪಿದ ವರ್ಷವೊಂದಕ್ಕೆ 500 ಮತ್ತು 50 ರೂಪಾಯಿ ದಂಡ ಕಟ್ಟಿದರೆ ಮತ್ತೆ ಚಾಲ್ತಿಗೆ ಬರುತ್ತದೆ.

ತೆರಿಗೆ ಉಳಿಸುವ ಯೋಜನೆ ಎಂಬ ಹೆಸರು ಎಲ್ಲರಿಗೂ ಒಂದೇ ರೀತಿ ಹೊಂದುವುದಿಲ್ಲ. ಕಟ್ಟಿದ ಹಣಕ್ಕೆ ಆದಾಯದಲ್ಲಿ ಕಡಿತ ಸಿಗುವುದು ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. ಬರೀ ಬೇಸಾಯದ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲದ್ದರಿಂದ ಗುತ್ತಲಿನ ಆ ಬೆಳೆಗಾರರಿಗೆ ಈ ಕಡಿತದಿಂದ ಆಗಬೇಕಾದ್ದೇನೂ ಇಲ್ಲ. ಬಡ್ಡಿಗೂ ಕೊನೆಯಲ್ಲಿ ಬರುವ ಮೊತ್ತಕ್ಕೂ ತೆರಿಗೆ ಇಲ್ಲದಿರುವುದು ಎರಡೂ ಪದ್ಧತಿಯವರಿಗೆ ಅನ್ವಯಿಸುತ್ತದೆ. ಆ ಬೆಳೆಗಾರರ ಪಾಲಿಗೆ ಇದಕ್ಕಿಂತ ದೊಡ್ಡದು ಬೇರೊಂದು ನಿಯಮ: ಖಾತೆದಾರರ ಸಾಲಕ್ಕಾಗಿ ನ್ಯಾಯಾಲಯದ ಆದೇಶದ ಮೇಲೆ ಈ ಹಣವನ್ನು ಜಪ್ತಿ ಮಾಡುವಂತಿಲ್ಲ.

ಅವಧಿ ಮುಗಿದ ಮೇಲೆ ಪೂರ್ತಿ ಹಣ ಪಡೆಯಬಹುದು, ಇಲ್ಲವೆ ಐದೈದು ವರ್ಷ ಮುಂದುವರಿಸಬಹುದು. ಹಣ ಕಟ್ಟುತ್ತಲೇ ಮುಂದುವರಿಸುವುದಾದರೆ ಒಂದು ವರ್ಷದೊಳಗೆ ಅರ್ಜಿ ಕೊಡಬೇಕು. ಅರ್ಜಿ ಕೊಡದವರ ಹಣಕ್ಕೂ ಬಡ್ಡಿ ಬರುತ್ತದೆ, ಹೊಸದಾಗಿ ಕಟ್ಟಲು ಮಾತ್ರ ಆಗುವುದಿಲ್ಲ.